ಮೂರನೇ ಕಂಪ್ಯೂಟರಿನ ಅಂತರಸಂತೆ ರಸ್ತೆ

ಶಶಿಕುಮಾರ್ ಕನಿಕರವಿಲ್ಲದ ಮನುಷ್ಯ. ಹುಣಸೂರು ಬಸ್ ನಿಲ್ದಾಣದ ಹಿಂದೆ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಗೇಮ್ ಅಂಗಡಿ ನಡೆಸುತ್ತಾನೆ. ಗಂಟೆ ಮುಗಿದವರನ್ನು ಆಟದ ನಡುವೆಯೇ ಎಬ್ಬಿಸುತ್ತಾನೆ. ಕುರ್ಚಿಯೊಂದು ಐದು ನಿಮಿಷ ಖಾಲಿ ಉಳಿದರೂ ಅವನ ಮುಖ ಗಂಟಾಗುತ್ತದೆ.

ದಿನಾ ಮಧ್ಯಾಹ್ನ ಅಲ್ಲಿಗೆ ಬರುತ್ತಿದ್ದ ಬೆಟ್ಟಸ್ವಾಮಿ ಹಿಂದೆ ಖಾಸಗಿ ಬಸ್ಸಿನ ಚಾಲಕರು. ಎಡ ಮಂಡಿ ಕೆಟ್ಟು, ಕ್ಲಚ್ ತುಳಿಯಲಾಗದೆ ಕೆಲಸ ಬಿಟ್ಟವರು. ಮೂರನೇ ಕಂಪ್ಯೂಟರಿನ ಸ್ಟೀರಿಂಗ್ ಹಿಡಿದು, ಬಸ್ ಓಡಿಸುವ ಆಟವೊಂದರಲ್ಲಿ ಹುಣಸೂರಿನಿಂದ ಕೋಟೆ ಊರಿನ ಮೂಲಕ ಅಂತರಸಂತೆಗೆ ಹೋಗಿಬರುತ್ತಿದ್ದರು. ಆ ರಸ್ತೆ ಆಟದ ಕಂಪನಿ ಕೊಟ್ಟದ್ದಲ್ಲ. ಯಾರೋ ಆಟಗಾರ ತಾನೇ ತಯಾರಿಸಿ ಹಂಚಿದ ಮಾಡ್, ಅಂದರೆ ಹೊರಗಿನಿಂದ ಸೇರಿಸುವ ಭಾಗ.

ಒಂದು ಸೋಮವಾರ ಆಟ ತಾನಾಗಿ ಅಪ್‌ಡೇಟ್ ಆಯಿತು. ಅಂದಿನಿಂದ ಆ ರಸ್ತೆ ತೆರೆಯುವ ಮೊದಲೇ ಆಟ ಮುಚ್ಚಿಕೊಳ್ಳತೊಡಗಿತು.

"ಈ ಮಾಡ್ ಮಾಡ್ದೋನು ಕೈಬುಟ್ಟು ಎರಡ್ ವರ್ಸ ಆಯ್ತು ಕಣಣ್ಣ. ಹೊಸ ಆಟಕ್ಕೆ ಹೊಂದ್ಸೋರು ಯಾರೂ ಇಲ್ಲ" ಎಂದ ಶಶಿಕುಮಾರ್.

"ಅಂಗಾರೆ ಆಟಾನೇ ಹಿಂದಕ್ಕೆ ತಕಾ. ರಿವರ್ಸ್ ಗೇರ್ ಇಲ್ವೇನ್ಲಾ ಅದಕ್ಕೆ?"

"ಐತೆ. ಆದ್ರೆ ನಾಲ್ಕ್ ಕಂಪ್ಯೂಟರಲ್ಲೂ ಒಂದೇ ವರ್ಷನ್ ಇದ್ರೇನೇ ಕಾಲೇಜ್ ಹುಡುಗ್ರು ನಾಲ್ಕೂ ಜನ ಒಟ್ಗೆ ಆಡೋಕಾಗೋದು. ಇದೊಂದು ಹಿಂದಕ್ಕೋದ್ರೆ ಅವ್ರು ಬೇರೆ ಅಂಗ್ಡಿಗೆ ಓಯ್ತಾರೆ. ಬುಡಿ, ಇರೋ ರಸ್ತೇಲಿ ಓಡ್ಸಿ."

ಅವನು ಮಾಡ್ ತೆಗೆದುಹಾಕಿದ. ಬೆಟ್ಟಸ್ವಾಮಿ ಯಾವುದೋ ದೇಶದ ಹೆದ್ದಾರಿಯ ಬಲಬದಿಯಲ್ಲಿ ಹತ್ತು ನಿಮಿಷ ಬಸ್ ಓಡಿಸಿ ಎದ್ದರು.

"ಇಲ್ಲಿ ಬಸ್ ನಿಲ್ಸೋಕೆ ಯಾರೂ ಕೈ ಅಡ್ಡ ಹಾಕಲ್ಲ ಕಣ್ಲಾ. ಇನ್ ಬರಲ್ಲ ಬುಡು."

ಎರಡು ದಿನ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಶಿಕುಮಾರ್, ತಲೆನೋವು ಎಂದು ಗೊಣಗುತ್ತ, ಆ ಕಂಪ್ಯೂಟರಿನಲ್ಲಿ ಆಟದ ಸೆಟ್ಟಿಂಗ್ಸ್ ತೆರೆದ. ಕಂಪನಿಯೇ ಉಳಿಸಿಟ್ಟಿದ್ದ ಹಳೆಯ ಆವೃತ್ತಿಗಳ ಪಟ್ಟಿಯಿಂದ ಅಪ್‌ಡೇಟಿಗೆ ಹಿಂದಿನದನ್ನು ಆರಿಸಿದ. ಅದು ಇಳಿಯಲು ಒಂದು ಗಂಟೆ ಹಿಡಿಯಿತು. ಮಾಡ್ ಮತ್ತೆ ಸೇರಿಸಿದಾಗ ರಸ್ತೆ ತೆರೆಯಿತು. ಆದರೆ ಬೆಟ್ಟಸ್ವಾಮಿಯ ಹೆಸರಿನಲ್ಲಿ ಸೇವ್ ಆಗಿದ್ದ ಆಟ, ಅಂದರೆ ಅವರು ಅಲ್ಲಿಯವರೆಗೆ ಓಡಿಸಿದ್ದರ ಲೆಕ್ಕವೆಲ್ಲ, ತೆರೆಯಲಿಲ್ಲ. ಹೆದ್ದಾರಿಯಲ್ಲಿ ಓಡಿಸಿದ ಆ ಹತ್ತು ನಿಮಿಷದಲ್ಲಿ ಅದು ಹೊಸ ಆವೃತ್ತಿಯಲ್ಲಿ ಸೇವ್ ಆಗಿಬಿಟ್ಟಿತ್ತು. ಹಳೆಯದು ಅದನ್ನು ಓದುವುದಿಲ್ಲ. ಮೊದಲು ನಕಲು ತೆಗೆದಿಡಬೇಕಿತ್ತು; ಶಶಿಕುಮಾರ್ ಮರೆತಿದ್ದ.

ಫೋನ್ ಮಾಡಿ ಕರೆಸಿ, ಇದ್ದದ್ದನ್ನು ಹೇಳಿದ. "ಮೂರ್ ವರ್ಸದ ಸರ್ವೀಸು ಓಯ್ತು ಕಣಣ್ಣ. ಮೊದಲಿಂದ ಸೇರ್ಕಬೇಕು."

"ಅರವತ್ತೆರಡಕ್ಕೆ ಹೊಸ ಕೆಲ್ಸ" ಎಂದು ಬೆಟ್ಟಸ್ವಾಮಿ ಮಂಡಿ ಹಿಡಿದುಕೊಂಡು ಕುಳಿತರು. ಸಂಜೆ ನಾಲ್ಕರವರೆಗೆ ಓಡಿಸಿದರು.

ಅವರು ಹೋದ ಮೇಲೆ ಕಾಲೇಜು ಹುಡುಗರು ಬರುವ ಹೊತ್ತು. ಬಂದವರು ಆಟವನ್ನು ಮತ್ತೆ ಹೊಸ ಆವೃತ್ತಿಗೆ ತರದೆ ಇರುವುದಿಲ್ಲ. ಶಶಿಕುಮಾರ್ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ "ಕೆಟ್ಟಿದೆ" ಎಂದು ಬರೆದು ಮೂರನೇ ಕಂಪ್ಯೂಟರಿನ ಪರದೆಗೆ ಅಂಟಿಸಿ, ಅದರ ಕುರ್ಚಿಯನ್ನು ಎತ್ತಿ ಒಳಗಿಟ್ಟ.