ಬಿಸಿ ಆರದ ಡಬ್ಬಿ

ವಂಡ್ಸೆಯ ಮುತ್ತುವಿಗೆ ಲೀಲಾಧರ ಮೂರು ತಿಂಗಳ ಕೂಲಿ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಲೀಲಾಧರ ಅಂದರೆ ಚಕ್ಕುಲಿ, ಚಟ್ನಿ ಹುಡಿ, ಬಿಸಿನೀರಲ್ಲಿ ಕಲಸಿ ತಿನ್ನುವ ಹುರಿಹಿಟ್ಟು ಮಾಡಿಸಿ ಕುಂದಾಪುರ, ಬೈಂದೂರಿನ ಅಂಗಡಿಗಳಿಗೆ ಹಾಕುವವನು. ಹಾಸ್ಟೆಲ್ ಮಕ್ಕಳ ಅಪ್ಪ ಅಮ್ಮಂದಿರೇ ಅವನ ದೊಡ್ಡ ಗಿರಾಕಿಗಳು.

ಒಂಬತ್ತು ವರ್ಷದಿಂದ ಅಲ್ಲಿ ಬಾಣಲೆ ಮುಂದೆ ಕೂತವಳು ಮುತ್ತು. ಹೊಸಬರಿಗೆ ಅವಳು ಕಲಿಸುವುದು ಇಷ್ಟೇ: ಬೆರಳಿಗೆ ಬಿಸಿ ತಾಗುವಷ್ಟು ಹೊತ್ತು ಡಬ್ಬಿ ಮುಚ್ಚಬೇಡಿ. ಒಳಗೆ ಬೆವರಿದರೆ ಚಕ್ಕುಲಿ ಮೆತ್ತಗೆ, ಹುಡಿ ಹಾಳು.

ಅವಳ ಮಗಳು ಚಂದನಾ ಧಾರವಾಡದಲ್ಲಿ ನರ್ಸಿಂಗ್ ಓದುತ್ತಾಳೆ. ಬೆಳಿಗ್ಗೆ ಆರಕ್ಕೆ ವಾರ್ಡಿಗೆ ಹೋಗಬೇಕು, ಹಾಸ್ಟೆಲಿನಲ್ಲಿ ತಿಂಡಿ ಎಂಟಕ್ಕೆ. ಮಧ್ಯಾಹ್ನದವರೆಗೆ ಹೊಟ್ಟೆಗೆ ಆಧಾರ ಅಮ್ಮನ ಹುರಿಹಿಟ್ಟು, ಅವಲಕ್ಕಿಗೆ ಚಟ್ನಿ ಹುಡಿ. ಜೂನ್ ಕೊನೆಗೆ ಡಬ್ಬಿ ಖಾಲಿಯಾಯಿತು. ಪರಿಚಯದ ಕಂಡಕ್ಟರ್ ಪಾಂಡುವಿನ ಬಸ್ಸು ಅತ್ತ ಹೋಗುವುದು ವಾರಕ್ಕೊಮ್ಮೆ, ಗುರುವಾರ ಸಂಜೆ ಆರಕ್ಕೆ.

ಆ ಗುರುವಾರ ಮಧ್ಯಾಹ್ನ ಮುತ್ತು ಕೈ ತೊಳೆದು ಎದ್ದಳು.

"ಹ್ವಾಯ್, ಎಲ್ಲಿಗ್ ಹೊರ್ಟದ್?" ಎಂದ ಲೀಲಾಧರ.

"ಮಗಳಿಗ್ ಪಾರ್ಸೆಲ್ ಕಟ್ಕ್ ಒಡೆಯಾ. ಅರ್ಧ ದಿನ ರಜೆ ಕೊಡಿ."

"ದಿನಾ ಇಲ್ ಎಣ್ಣೆಲ್ ಚಕ್ಲಿ ಸುಟ್ಟದ್ ಸಾಕಾಯ್ಲಿಲ್ಯಾ? ಆರ್ಡರ್ ಇತ್ತ್, ಕೂಕೊ. ಹೋಪುದಾರೆ ಹೋಗ್, ಹಳೆ ಕೂಲಿ ಕೇಂಬುಕೆ ಮಾತ್ರ ಬರ್ಬ್ಯಾಡ."

ಕೊಡದ ಕೂಲಿಯೇ ಹಗ್ಗವಾಯಿತು. ಮುತ್ತು ಕೂತಳು. ಮನೆ ಮುಟ್ಟುವಾಗ ನಾಲ್ಕೂವರೆ.

ಚಟ್ನಿ ಹುಡಿಗೆ ಕೊಬ್ಬರಿ ತರಲು ಕೈಯಲ್ಲಿ ಕಾಸಿಲ್ಲ. ಹಸಿ ಕಾಯಿ ತುರಿದಳು. ಸಣ್ಣ ಉರಿಯಲ್ಲಿ ಗರಿಗರಿ ಹುರಿದರೆ ಅದೂ ಬಾಳುತ್ತದೆ, ಆದರೆ ಹೊತ್ತು ಬೇಕು. ಇವಳು ಉರಿ ಎಬ್ಬಿಸಿದಳು. ಮೇಲೆ ಕೆಂಪಾಯಿತು, ಒಳಗಿನ ಪಸೆ ಹೋಗಲಿಲ್ಲ. ಹುರಿದ ಹಿಟ್ಟಿಗೆ ಬಿಸಿ ಇರುವಾಗಲೇ ಬೆಲ್ಲದ ಹುಡಿ ಬೆರೆಸಿದಳು. ಹೊರಗೆ ಮಳೆ, ಬೀಸಣಿಗೆ ಬೀಸಿದರೂ ಆರಲಿಲ್ಲ. ಬೆರಳು ಇನ್ನೂ ಚುರ್ ಎನ್ನುತ್ತಿರುವಾಗಲೇ ಡಬ್ಬಿಯ ಮುಚ್ಚಳ ಒತ್ತಿದಳು.

ಪಾಂಡು ಪೆಟ್ಟಿಗೆ ಹಿಡಿದು ನಕ್ಕ. "ಮುತ್ತಕ್ಕಾ, ಇದೆಂತ, ಒಲಿನೇ ಒಳ್ಗ್ ಇಟ್ರಿಯಾ?"

ಮುತ್ತು ನಗಲಿಲ್ಲ.

ಎಂಟನೇ ದಿನ ಚಂದನಾ ಫೋನ್ ಮಾಡಿದಳು. "ಅಮ್ಮಾ, ಚಟ್ನಿ ಹುಡಿ ಮೇಲೆ ಬೂಷ್ಟ್ ಬಂದಿತ್ತ್. ಹಿಟ್ಟ್ ಗಟ್ಟಿ ಉಂಡಿ ಆಯ್ತ್, ಹುಳಿ ನಾತ. ಎರಡೂ ಬಿಸಾಡ್ದೆ."

"ಬೆಳಿಗ್ಗೆ ಎಂತ ತಿಂಬುದ್ ಮಗಾ?"

"ನೀರ್ ಕುಡ್ದ್ ಹೋತೆ. ನೀನ್ ಬೇಜಾರ್ ಮಾಡ್ಬ್ಯಾಡ."

ಮರುದಿನ ಮುತ್ತು ಲೀಲಾಧರನಲ್ಲಿಗೆ ಹೋಗಿ ಫ್ಯಾನಿನಡಿ ಕಾಗದ ಹಾಸಿ ಪರರ ಮಕ್ಕಳ ಚಕ್ಕುಲಿ ಆರಲು ಕಾದಳು. ಅಲ್ಲಿ ಕಾಯುವುದಕ್ಕೆ ಹೊತ್ತಿತ್ತು.

ಮಗುವಿಗೆ ಪಾರ್ಸೆಲ್ ಕಟ್ಟಲು ಪ್ಯಾಕೆಟ್ ಕೊಳ್ಳುವವರೇ, ಎಷ್ಟು ವಾರ ಬಾಳುತ್ತದೆ ಎಂದು ಅಂಗಡಿಯವನನ್ನು ಕೇಳುತ್ತೀರಲ್ಲ? ಇದನ್ನು ಮಾಡಿದವಳಿಗೆ ತನ್ನ ಮಗುವಿಗೆ ಕಟ್ಟಲು ಒಂದು ದಿನ ರಜೆ ಸಿಕ್ಕಿದೆಯೇ ಎಂದೂ ಕೇಳಿ. ಉತ್ತರ ಸಿಗುವವರೆಗೆ ದುಡ್ಡು ಬಿಚ್ಚಬೇಡಿ.