ತೊಳೆದ ಗಾಜಿನ ಕೆಂಪು ಕಡ್ಡಿಗಳು

ಯುದ್ಧದ ಕಾಲದಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ಪ್ರಯೋಗಶಾಲೆ ಎಂದರೆ ಫಳ್ನೀರಿನ ರಸ್ತೆಗೆ ಬೆನ್ನು ಹಾಕಿದ್ದ ಒಂದೇ ಕೋಣೆ. ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ, ಬಣ್ಣದ ಸೀಸೆಗಳ ಸಾಲು. ನಾನಲ್ಲದೆ ಅಲ್ಲಿದ್ದವರು ಇಬ್ಬರು: ನಮ್ಮ ಡಾಕ್ಟರು, ಮತ್ತೆ ಬಣ್ಣ ಹಾಕುವ ಕೆಲಸದ ಅಣ್ಣ. ಅಣ್ಣನಿಗೆ ನನ್ನ ತಂದೆಯ ವಯಸ್ಸು. ಊರಿಗೆಲ್ಲ ಅಣ್ಣ, ಹಾಗಾಗಿ ನನಗೂ ಅಣ್ಣ. ನಾನು ಅವರಿಗೆಲ್ಲ ಬಾಯಮ್ಮ.

ಒಂದು ದಿನ ಡಾಕ್ಟರು ದಪ್ಪದ ಇಂಗ್ಲಿಷ್ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಸೂಕ್ಷ್ಮಜೀವಿಗಳಿಗೆ ಬಣ್ಣ ಹಾಕುವುದು, ಅವನ್ನು ಬೆಳೆಸುವುದು, ಎಲ್ಲ ಅದರಲ್ಲಿತ್ತು. "ಇದನ್ನು ಕನ್ನಡದಲ್ಲಿ ಚಿಕ್ಕದು ಮಾಡಿ ಕೊಡಿ. ಯಾಕೆ ಮಾಡುವುದು, ಹೇಗೆ ಮಾಡುವುದು, ಮಾಡಿದ ಮೇಲೆ ಎಂತ ಕಾಣಬೇಕು, ಅಷ್ಟು ಸಾಕು. ಅಣ್ಣನಿಗೆ ಓದಿ ಮಾಡ್ಲಿಕ್ಕೆ ಆಗಬೇಕು" ಎಂದರು.

ನನಗೆ ಕೊಂಬು ಬಂದ ಹಾಗಾಯಿತು. ಇಂಗ್ಲಿಷ್ ಓದಿದವಳೆಂಬ ಜಂಬ ಮೊದಲೇ ಇತ್ತು, ಮೂಗಿನ ತುದಿಯಲ್ಲಿ ಕೋಪ ಬೇರೆ. ಮೂರು ವಾರ ಕೂತು ನಲವತ್ತು ಪುಟಕ್ಕೆ ಇಳಿಸಿದೆ. ಪ್ರತಿ ಪುಟಕ್ಕೂ ಮೂರು ಮನೆ: ಉದ್ದೇಶ, ಕ್ರಮ, ಕಾಣಬೇಕಾದದ್ದು.

ಗ್ರಾಂ ಬಣ್ಣ ಎಂಬ ಪರೀಕ್ಷೆಗೆ ಹೀಗೆ ಬರೆದಿದ್ದೆ. ಉದ್ದೇಶ, ರೋಗಾಣುಗಳನ್ನು ಎರಡು ಪಂಗಡ ಮಾಡುವುದು. ಕ್ರಮ, ಮೊದಲು ನೇರಳೆ ಬಣ್ಣ, ಮೇಲೆ ಅಯೋಡಿನ್, ಆಮೇಲೆ ಸ್ಪಿರಿಟ್; ನೇರಳೆ ಇಳಿಯುವುದು ನಿಂತ ಕೂಡಲೇ ನೀರು; ಕಡೆಗೆ ತಿಳಿಯಾದ ಕೆಂಪು. ಕಾಣಬೇಕಾದದ್ದು, ನೇರಳೆ ಹಿಡಿದುಕೊಂಡವು ಒಂದು ಜಾತಿ, ಬಿಟ್ಟು ಕೆಂಪಾದವು ಇನ್ನೊಂದು. ಅಣು ಬೆಳೆಸುವ ಅಗಾರೆಂಬ ಲೋಳೆಯ ತಟ್ಟೆಗೆ ಗೆರೆ ಎಳೆಯುವುದು ಹೇಗೆಂದೂ ಬರೆದೆ. ತಂತಿಯನ್ನು ದೀಪದಲ್ಲಿ ಕೆಂಪಗೆ ಕಾಯಿಸಿ, ಆರಲು ಬಿಟ್ಟು, ಅದರಲ್ಲಿ ಮಾದರಿ ತೆಗೆದು ಒಂದು ಮೂಲೆಯಲ್ಲಿ ಹಚ್ಚಬೇಕು. ಮತ್ತೆ ಕಾಯಿಸಿ, ಆರಿಸಿ, ಆ ಮೂಲೆಯಿಂದ ಎಳೆದುಕೊಂಡು ಹೋಗಬೇಕು. ಎಳೆದಂತೆ ಅಣುಗಳು ವಿರಳವಾಗಿ, ಮರುದಿನ ಒಂದೊಂದೇ ಚುಕ್ಕೆ ಬೇರೆ ಬೇರೆ ಬೆಳೆದಿರುತ್ತದೆ. ತಟ್ಟೆಯನ್ನು ಕವುಚಿಯೇ ಇಡಬೇಕು, ಇಲ್ಲದಿದ್ದರೆ ಮುಚ್ಚಳದ ಬೆವರು ಬಿದ್ದು ಚುಕ್ಕೆಗಳೆಲ್ಲ ಒಂದಾಗುತ್ತವೆ. ನಮ್ಮೂರಿನ ಸೆಕೆಯಲ್ಲಿ ಮನುಷ್ಯರೇ ಬೆವರುತ್ತಾರೆ, ಮುಚ್ಚಳ ಬೆವರದೆ ಇದ್ದೀತೆ!

ಕ್ಷಯದ ಕಫದ ಪುಟ ನನಗೆ ಬಹಳ ಹೆಮ್ಮೆಯದು. ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಣಗಿಸಿ, ಕೆಂಪು ಬಣ್ಣ ಸುರಿದು ಅಡಿಯಿಂದ ಬಿಸಿ ಮಾಡಬೇಕು, ಹಬೆ ಏಳಬೇಕು, ಕುದಿಯಬಾರದು, ಐದು ನಿಮಿಷ. ತೊಳೆದು ಗಂಧಕದ ಆಮ್ಲ, ಆಮೇಲೆ ಸ್ಪಿರಿಟ್, ಕಡೆಗೆ ನೀಲಿ. ಕ್ಷಯದ ಅಣು ಮಾತ್ರ ಆಮ್ಲಕ್ಕೂ ಕೆಂಪು ಬಿಡುವುದಿಲ್ಲ. ಕಾಣಬೇಕಾದದ್ದು: ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು.

ಮೂಲದಲ್ಲಿ ಆ ಪುಟದ ಕೆಳಗೆ ಸಣ್ಣ ಅಕ್ಷರದ ಒಂದು ಸಾಲಿತ್ತು. ಕಫದ ಪರೀಕ್ಷೆಗೆ ಯಾವಾಗಲೂ ಹೊಸ ಗಾಜನ್ನೇ ಬಳಸಬೇಕು, ತೊಳೆದದ್ದು ಸಲ್ಲದು ಎಂದು. ನಾನು ಓದಿದೆ. ಹಡಗು ಬರುವುದೇ ನಿಂತ ಕಾಲದಲ್ಲಿ ಹೊಸ ಗಾಜು ಎಲ್ಲಿಂದ ತರುವುದು? ಇದು ಉದ್ದೇಶವೂ ಅಲ್ಲ, ಕ್ರಮವೂ ಅಲ್ಲ, ಬರೀ ಉಪದೇಶ ಎಂದು ಬಿಟ್ಟೆ. ಅಣ್ಣ ಗಾಜುಗಳನ್ನು ಸೋಡಾದಲ್ಲಿ ಕುದಿಸಿ, ಉಜ್ಜಿ, ಬೂದಿಯಿಂದ ತಿಕ್ಕಿದ ಹಿತ್ತಾಳೆಯ ಹಾಗೆ ಥಳಥಳ ಮಾಡುತ್ತಿದ್ದರು. ಅವಕ್ಕೇನು ಕೊರತೆ ಎಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಉಳ್ಳಾಲದ ಕಡೆಯಿಂದ ದೋಣಿ ದಾಟಿ ಒಬ್ಬಳು ಬಂದಳು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವಳು. ತಿಂಗಳಿನಿಂದ ಕೆಮ್ಮು. ಸೊಂಟದಲ್ಲಿ ಐದು ತಿಂಗಳ ಹೆಣ್ಣುಮಗು, ತಾಯಿಯ ಹಾಲು ಬಿಟ್ಟು ಬೇರೇನೂ ಕುಡಿಯದ್ದು. ಅಣ್ಣ ನನ್ನ ಪುಸ್ತಕ ತೆರೆದಿಟ್ಟು ಅವಳ ಕಫಕ್ಕೆ ಬಣ್ಣ ಹಾಕಿದರು. ನಾನು ನೋಡಿದೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಒಂದು ಕಡೆ, ಒಂದೇ ಕಡೆ, ಸಾಲಾಗಿ ಏಳೆಂಟು ಕೆಂಪು ಕಡ್ಡಿಗಳು. ಸಿಕ್ಕಿತಲ್ಲ ಎಂದು ನನಗೆ ಖುಷಿಯೇ ಆಯಿತು! ಈಗ ಹೇಳಲು ನಾಚಿಕೆಯಾಗುತ್ತದೆ.

ಕ್ಷಯ ಎಂದು ನಾನು ಬರೆದದ್ದನ್ನು ನಂಬಿ ಡಾಕ್ಟರು ಸಹಿ ಹಾಕಿದರು. ಮಗುವನ್ನು ಅಂದೇ ಅಜ್ಜಿಯ ಕೈಗೆ ಕೊಟ್ಟು ಉಳ್ಳಾಲಕ್ಕೆ ಕಳಿಸಿದರು. ಅವಳನ್ನು ಹಿಂದಿನ ಜಗಲಿಯಲ್ಲಿ ಬೇರೆ ಮಲಗಿಸಿದರು. ಹಾಲು ತುಂಬಿ ಎದೆ ಕಟ್ಟಿಕೊಂಡು ಅವಳು ನರಳುವುದು ನಮ್ಮ ಕೋಣೆಗೆ ಕೇಳುತ್ತಿತ್ತು. ನಾಲ್ಕೈದು ದಿನಕ್ಕೆ ಅದೂ ನಿಂತಿತು.

ಒಂಬತ್ತನೆಯ ದಿನ ಅಣ್ಣ ಹಳೆಯ ಗಾಜುಗಳನ್ನು ತೊಳೆಯಲು ತೆಗೆದರು. ರೋಗಿಯ ಸಂಖ್ಯೆಯನ್ನು ಅವರು ಗಾಜಿನ ಮೂಲೆಯಲ್ಲಿ ವಜ್ರದ ಮೊನೆಯಿಂದ ಕೊರೆಯುತ್ತಿದ್ದರು. ಗೀರು ಎಷ್ಟು ತೊಳೆದರೂ ಹೋಗದು, ಹಾಗಾಗಿ ಪ್ರತಿ ಸಲ ಇನ್ನೊಂದು ಮೂಲೆ. ಅವರು ಒಂದು ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ಹಾಗೆಯೇ ನಿಂತರು.

"ಬಾಯಮ್ಮ, ಇಲ್ಲಿ ಬನ್ನಿ. ಇದು ಆ ಬಾಣಂತಿಯ ಗಾಜು ಅಲ್ವಾ?"

"ಹೌದು. ಎಂತ ಆಯ್ತು?"

"ಇಲ್ಲಿ ಇನ್ನೊಂದು ನಂಬರು ಉಂಟು ನೋಡಿ. ಮಳೆಗಾಲದಲ್ಲಿ ಕ್ಷಯದಿಂದ ತೀರಿಹೋದ ಆ ಬಂದರಿನವನದ್ದು. ಅವನದ್ದು ತುಂಬ ಕೆಂಪೇ ಇತ್ತಲ್ಲ ಮಾರಾಯ್ರೆ."

ಗಾಜನ್ನು ಕಸಿದುಕೊಂಡು ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಕೆಂಪು ಕಡ್ಡಿಗಳು ಇದ್ದದ್ದು ಗಾಜಿನ ನಡುವಿನ ಒಂದು ಹಳೆಯ ಗೀರಿನ ಒಳಗೆ. ಅವು ಸ್ಪಷ್ಟವಾದರೆ ನೀಲಿ ಕಣಗಳು ಮಸುಕು, ನೀಲಿ ಸ್ಪಷ್ಟವಾದರೆ ಅವು ಮಸುಕು. ಎಂದರೆ ಎರಡೂ ಒಂದೇ ಮಟ್ಟದಲ್ಲಿಲ್ಲ; ಇವಳ ಕಫದ ಅಡಿಯಲ್ಲಿ, ಸತ್ತವನ ಅಣುಗಳು ಗಾಜಿಗೆ ಅಂಟಿಕೊಂಡಿದ್ದವು.

ಡಾಕ್ಟರು ಬೀಗ ಹಾಕಿ ಉಳಿಸಿಟ್ಟಿದ್ದ ಕೆಲವೇ ಹೊಸ ಗಾಜುಗಳನ್ನು ತೆಗೆದರು. ಮೂರು ಬೆಳಗಿನ ಕಫ, ಮೂರು ಹೊಸ ಗಾಜು. ಒಂದೊಂದನ್ನೂ ಅರ್ಧ ಗಂಟೆ ಹುಡುಕಿದೆ, ಡಾಕ್ಟರೂ ಹುಡುಕಿದರು. ಬರೀ ನೀಲಿ. ಎದೆಯಲ್ಲೂ ದೋಷ ಕಾಣಲಿಲ್ಲ. ಕೆಮ್ಮು ಅಷ್ಟರಲ್ಲಿ ತಾನೇ ಇಳಿದಿತ್ತು.

"ಸರಿಯಾಗಿ ತೊಳೆಯಲಿಕ್ಕೆ ಆಗುವುದಿಲ್ವಾ ನಿಮಗೆ?" ಎಂದು ಡಾಕ್ಟರು ಅಣ್ಣನ ಮೇಲೆ ರೇಗಿದರು. ಅಣ್ಣ ತಲೆ ತಗ್ಗಿಸಿ ನಿಂತರು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಪಾರಾಗುತ್ತಿದ್ದೆ. ಒಂದು ಕ್ಷಣ ಹಾಗೆ ಇದ್ದೆ ಕೂಡ.

ಆಮೇಲೆ ಇಂಗ್ಲಿಷ್ ಪುಸ್ತಕ ತೆರೆದು ಆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟೆ. "ಅಣ್ಣನ ತಪ್ಪಲ್ಲ ಡಾಕ್ಟ್ರೆ. ಇದನ್ನು ನಾನು ಬರೆಯಲಿಲ್ಲ." ಅವರು ಓದಿದರು. "ಕಾಣಬೇಕಾದದ್ದು ಬರೆದಿದ್ದೀರಿ. ಇಲ್ಲದ್ದೂ ಕಾಣುತ್ತದೆ ಅಂತ ಬರೆಯಲಿಲ್ಲ" ಎಂದು ಹೇಳಿ, ಪುಸ್ತಕ ಮುಚ್ಚಿ, "ನಾನೂ ಗಾಜು ನೋಡದೆ ಸಹಿ ಹಾಕಿದೆ" ಎಂದರು.

ಮರುದಿನ ಅಜ್ಜಿ ಮಗುವನ್ನು ತಂದಳು. ತಾಯಿ ಜಗಲಿಯ ಮೆಟ್ಟಿಲಲ್ಲಿ ಕೂತು ಸೆರಗಿನ ಮರೆಯಲ್ಲಿ ಎದೆಗೆ ಹಿಡಿದಳು. ಮಗು ಬಾಯಿ ಹಾಕಿತು, ಚೀಪಿತು, ಬಿಟ್ಟು ಕಿರುಚಿತು. ಹಾಲು ಬತ್ತಿಹೋಗಿತ್ತು. ಅಜ್ಜಿ ಚೀಲದಿಂದ ಆಡಿನ ಹಾಲಿನ ಬಾಟಲಿ ತೆಗೆದು ಅವಳ ಕೈಗೆ ಕೊಟ್ಟಳು.

ನಾನು ಆ ತಾಯಿಯ ಪಕ್ಕ ಕೂತು ಇದ್ದದ್ದನ್ನೆಲ್ಲ ಹೇಳಿದೆ. ಗಾಜು, ಪುಸ್ತಕ, ಬಿಟ್ಟ ಸಾಲು.

"ಬರೆಯುವಾಗ ಮರೆತುಹೋಯ್ತಾ ಬಾಯಮ್ಮ?" ಎಂದು ಕೇಳಿದಳು.

ಹೌದು ಎನ್ನಬಹುದಿತ್ತು. "ಮರೆಯಲಿಲ್ಲ. ಓದಿದ್ದೆ. ಬೇಡ ಅಂತ ಬಿಟ್ಟೆ."

ಅವಳು ಬಾಟಲಿಯನ್ನು ಅಜ್ಜಿಗೆ ಹಿಂದಕ್ಕೆ ಕೊಟ್ಟು, ಅಳುವ ಮಗುವನ್ನು ಇನ್ನೊಂದು ಎದೆಗೆ ಹಿಡಿದಳು.