ಬಾಣಂತಿ ಕೋಣೆಯ ಕಿಟಕಿಗಾಗಿ ಮಾಡಿದ ಚೌಕಾಸಿ

ಹಂಪಿ ಬಜಾರಿನಲ್ಲಿ ಬುಟ್ಟಿ ಇಟ್ಟುಕೊಂಡು ಟೋಪಿ, ನೀರಿನ ಬಾಟಲಿ ಮಾರುತ್ತಿದ್ದಾಗಲೇ ನಾನು ಒಂದು ಮಾತು ಕಲಿತಿದ್ದೆ. ಗಿರಾಕಿ ಬೇಡ ಅಂದ ಮೇಲೆಯೇ ವ್ಯಾಪಾರ ಶುರುವಾಗುವುದು. ಈಗ ಹೊಸಪೇಟೆಯಲ್ಲಿ ನನ್ನದೇ ಕಿರಾಣಿ ಅಂಗಡಿ ಇದೆ, ದಿನವೆಲ್ಲ ಚೌಕಾಸಿಯೇ. ಆದರೂ ನನ್ನ ಬದುಕಿನ ದೊಡ್ಡ ಚೌಕಾಸಿ ನಡೆದದ್ದು ಅಂಗಡಿಯಲ್ಲಲ್ಲ, ನಮ್ಮ ಮನೆಯಲ್ಲೇ, ಬಾಣಂತಿ ಕೋಣೆಯ ವಿಷಯಕ್ಕೆ. ಎದುರಿಗಿದ್ದವರು ನನ್ನ ಅತ್ತೆ. ನನಗೆ ಬೇಕಾಗಿದ್ದದ್ದು ಒಂದು ಕಿಟಕಿ ತೆರೆಯುವುದು, ಅಷ್ಟೆ.

ಮಗಳು ದೋಣಿಮಲೈಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣುಮಗು, ಬೆಲ್ಲದಚ್ಚಿನಂತಹ ಕೂಸು. ಮನೆಗೆ ಕರೆತಂದ ದಿನ ನಾನು ಕುಣಿಯುವುದೊಂದು ಬಾಕಿ. ಬಾಣಂತನದ ಯಜಮಾನಿಕೆಯೆಲ್ಲ ಅತ್ತೆಯದೇ. ಅವರು ಕಂಪ್ಲಿ ಕಡೆಯವರು, ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದ ಕೈ ಅವರದು. ಅವರ ಲೆಕ್ಕದಲ್ಲಿ ಬಾಣಂತಿಗೆ ಗಾಳಿ ತಾಗಿದರೆ ಮುಗಿಯಿತು. ಹಾಗಾಗಿ ಕಿಟಕಿ ಮುಚ್ಚಿ, ಸಂದಿಗೆ ಹಳೆ ಸೀರೆಯ ಚೂರು ತುರುಕಿ, ಕೆಂಡದ ಮೇಲೆ ಸಾಂಬ್ರಾಣಿ, ಓಮದ ಧೂಪ ಹಾಕಿದ್ದರು. ನಮ್ಮ ಮನೆ ಕಾಲುವೆಯ ಪಕ್ಕ, ಹೊತ್ತು ಮುಳುಗಿತೆಂದರೆ ಸೊಳ್ಳೆ ಮೋಡದ ಹಾಗೆ ಬರುತ್ತವೆ. ಅದಕ್ಕಾಗಿ ಮಂಚದ ಕೆಳಗೆ ಒಂದು ಸೊಳ್ಳೆ ಬತ್ತಿಯನ್ನೂ ಹಚ್ಚಿಟ್ಟಿದ್ದರು.

ಕೂಸು ಕೆಮ್ಮತೊಡಗಿತು. ಮಗಳಿಗೆ ತಲೆನೋವು. ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಅವರು ಕೂಸಿನ ಎದೆಗೆ ಸ್ಟೆಥಸ್ಕೋಪ್ ಇಟ್ಟು ಕೇಳಿ, ಸದ್ಯಕ್ಕೆ ಎದೆ ಚೆನ್ನಾಗಿದೆ, ಮೊದಲು ಕೋಣೆಯ ಹೊಗೆ ತೆಗೆಯಿರಿ, ಗಾಳಿ ಆಡಲಿ ಎಂದರು. ಕೆಮ್ಮು ನಿಲ್ಲದಿದ್ದರೆ ತಡಮಾಡದೆ ವಾಪಸು ಬರಬೇಕು ಎಂದು ಮಗಳಿಗೆ ಬೇರೆಯಾಗಿ ಹೇಳಿದರು.

ಅತ್ತೆ ಡಾಕ್ಟರ ಮಾತು ಮೀರಲಿಲ್ಲ, ಅರ್ಧ ಕೇಳಿಸಿಕೊಂಡರು. ಕೆಂಡ ಹೊರಗೆ ಹೋಯಿತು, ಬತ್ತಿಯೂ ಹೋಯಿತು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನನ್ನದೇ ಅಂಗಡಿಯ ಸೊಳ್ಳೆ ಓಡಿಸುವ ಲಿಕ್ವಿಡ್ ಮಶೀನು ತರಿಸಿ, ತೊಟ್ಟಿಲ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ, ಕಿಟಕಿ ಮತ್ತೆ ಭದ್ರ ಮಾಡಿದ್ದರು. ಮುಖದಲ್ಲಿ ಗೆದ್ದ ಕಳೆ.

"ಹೊಗಿನ ಇಲ್ಲ ನೋಡು. ಇನ್ನ ಕಿಟಕಿ ಯಾಕ ಬೇಕು?"

ಸ್ವಿಚ್ ಆರಿಸಿ, ಮಗಳನ್ನೂ ಕೂಸನ್ನೂ ಪಡಸಾಲೆಗೆ ಕಳಿಸಿದೆ. ಆಮೇಲೆ ಅತ್ತೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ನಾನು ಮಾರುವ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಓದುವವಳು. ನೀವೂ ಓದಿರಿ, ಕೊಂಡ ಮೇಲಲ್ಲ, ಕೊಳ್ಳುವ ಮೊದಲು. ಬತ್ತಿಯೆಂದರೆ ಮರದ ಪುಡಿಯಂಥದ್ದಕ್ಕೆ ಔಷಧಿ ಕಲೆಸಿ ಸುತ್ತಿದ್ದು. ಕಿಡಿ ಮೆಲ್ಲಗೆ ಸುಡುತ್ತ ಹೋದ ಹಾಗೆ ಅದರ ಪಕ್ಕದ ಇನ್ನೂ ಸುಡದ ಭಾಗ ಕಾದು ಔಷಧಿ ಆವಿಯಾಗುತ್ತದೆ. ಸೊಳ್ಳೆಗೆ ತಾಗುವುದು ಆ ಔಷಧಿ. ಜೊತೆಗೆ ಬರುವ ಹೊಗೆ, ಸಣ್ಣ ಧೂಳು, ಕೆಟ್ಟ ಗಾಳಿ ನಮ್ಮ ಪಾಲಿಗೆ. ಮುಚ್ಚಿದ ಕೋಣೆಗೆ ಅದು ಸಲ್ಲದು. ಮಶೀನಿನಲ್ಲಿ ಬಾಟಲಿಯ ಔಷಧಿಯನ್ನು ಒಂದು ಕಡ್ಡಿ ಮೇಲಕ್ಕೆ ಹೀರುತ್ತದೆ, ಬಿಸಿ ತಾಗಿ ಅದು ಗಾಳಿಗೆ ಸೇರುತ್ತದೆ. ಸುಡುವುದಿಲ್ಲ, ಹೊಗೆಯಿಲ್ಲ. ಆದರೆ ಔಷಧಿ ಗಾಳಿಯಲ್ಲಿ ಇದ್ದೇ ಇರುತ್ತದೆ, ಬಾಗಿಲು ಹಾಕಿದಷ್ಟೂ ಕೂಡುತ್ತ ಹೋಗುತ್ತದೆ.

ಇದನ್ನೆಲ್ಲ ಹೇಳಿದೆ. ಅತ್ತೆ ಒಪ್ಪಲಿಲ್ಲ. ಕಣ್ಣಿಗೆ ಕಾಣದ್ದನ್ನು ಅವರು ಒಪ್ಪುವವರಲ್ಲ. ಮಾತಿಗೆ ಬಗ್ಗದ ಗಿರಾಕಿಗೆ ಮಾಲು ತೋರಿಸಬೇಕು. ಎದ್ದು ಅಡುಗೆಮನೆಗೆ ಹೋಗಿ, ಕಿಟಕಿ ಮುಚ್ಚಿ, ಬಾಣಲೆಯಲ್ಲಿ ಗುಂಟೂರು ಮೆಣಸಿನಕಾಯಿ ಸಣ್ಣ ಉರಿಯಲ್ಲಿ ಹುರಿಯತೊಡಗಿದೆ, ಕರಿಯಾಗದಂತೆ, ಹೊಗೆ ಏಳದಂತೆ. ಕೆಲಸ ಇದೆ ಬರ್ರಿ ಎಂದು ಅತ್ತೆಯನ್ನು ಕರೆದೆ. ಅವರು ಒಳಗೆ ಬಂದರು, ಎರಡು ಉಸಿರಿಗೇ ಸೆರಗು ಮೂಗಿಗೆ ಹೋಯಿತು. ನನಗೂ ಕಣ್ಣಲ್ಲಿ ನೀರು. ಇಬ್ಬರೂ ಕೆಮ್ಮುತ್ತ ಹಿತ್ತಲಿಗೆ ಓಡಿದೆವು.

"ಹೊಗಿ ಕಂಡ್ತೇನ್ರಿ ಅತ್ತಿ?" ಎಂದೆ.

"ಎಲ್ಲಿ ಹೊಗಿ? ಘಾಟು!" ಎಂದವರು ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. "ಭಾಳ ಕಿಲಾಡಿ ಇದ್ದಿ ಬಿಡು. ಮೆಣಸಿನಕಾಯಿನೂ ದಂಡ ಮಾಡ್ದಿ."

"ದಂಡ ಇಲ್ರಿ, ನಾಳಿಗೆ ಖಾರಪುಡಿ ಆಗ್ತೈತಿ."

ಅವರು ನಕ್ಕರು. ನಕ್ಕ ಗಿರಾಕಿಯನ್ನು ಕೈಬಿಡಬಾರದು, ಕೂಡಲೇ ಕೊಡುಕೊಳ್ಳುವ ಮಾತಿಗೆ ಇಳಿದೆ. ಕೂಸಿನ ಕುಲಾಯಿ, ಮಗಳ ಕಿವಿಯ ಹತ್ತಿ, ಎಣ್ಣೆನೀರು, ಎಲ್ಲವೂ ನಿಮ್ಮ ಮಾತಿನಂತೆ ಎಂದೆ. ಕಿಟಕಿ ಮಾತ್ರ ನನಗೆ ಬಿಡಿ. ಅವರು ರಸ್ತೆಯ ಕಡೆಯ ಕಿಟಕಿ ಸುತರಾಂ ಬೇಡವೆಂದರು. ಹಿತ್ತಲ ಕಡೆಯದನ್ನು ಕೇಳಿದೆ, ಮೊದಲಿನಿಂದ ನನಗೆ ಬೇಕಾಗಿದ್ದದ್ದೂ ಅದೇ. ಮಂಚವನ್ನು ಗಾಳಿ ನೇರ ಬೀಳದ ಮೂಲೆಗೆ ಸರಿಸಬೇಕೆಂದರು. ಸರಿಸೋಣ ಎಂದೆ. ಸೊಳ್ಳೆ ಬಂದರೆ ಯಾರು ಹೊಣೆ ಎಂದರು. ಕಿಟಕಿಗೆ ಜಾಲರಿ ಬಡಿಸುತ್ತೇನೆ, ತೊಟ್ಟಿಲಿಗೂ ಮಂಚಕ್ಕೂ ಪರದೆ ಕಟ್ಟುತ್ತೇನೆ ಎಂದೆ.

ಅಷ್ಟಕ್ಕೂ ಬಿಡಲಿಲ್ಲ. ಅಂಗಡಿಯಲ್ಲಿ ಸೊಳ್ಳೆ ಕ್ರೀಮು ಇದೆಯಲ್ಲ, ಕೂಸಿನ ಮೈಗೇ ಹಚ್ಚಿದರೆ ಈ ರಗಳೆಯೇ ಇಲ್ಲ ಎಂದರು. ಇಲ್ಲಿ ಮಾತ್ರ ನಾನು ಒಂದಿಂಚೂ ಸಡಿಲ ಬಿಡಲಿಲ್ಲ. ಕ್ರೀಮು ಸೊಳ್ಳೆಯನ್ನು ಕೊಲ್ಲುವುದಿಲ್ಲ, ಹಚ್ಚಿದ ಚರ್ಮದ ಮೇಲೆ ಕೂರದಂತೆ ಮಾಡುತ್ತದೆ, ಪಕ್ಕದವರಿಗೆ ಅದರಿಂದ ಲಾಭವಿಲ್ಲ, ಕೆಲವು ತಾಸಿನ ಮೇಲೆ ಶಕ್ತಿಯೂ ಇಳಿಯುತ್ತದೆ. ದೊಡ್ಡವರು ಕಣ್ಣು, ಬಾಯಿ, ಗಾಯ ಬಿಟ್ಟು ಹಚ್ಚಿಕೊಳ್ಳಬಹುದು. ಎಳೆಗೂಸಿನ ಕೈ ಸದಾ ಬಾಯಲ್ಲಿ, ಅದಕ್ಕೆ ಪರದೆಯೇ ಸರಿ. ಬಾಣಂತಿಯ ಮೈಗೂ ಡಾಕ್ಟರನ್ನು ಕೇಳದೆ ಬೇಡ ಎಂದೆ.

ಬಾಗಿಲಲ್ಲಿ ಕಾವಲು ಕೂರುವ ಅತ್ತೆಯ ಕಾಲಿಗೆ ಕ್ರೀಮು ಹಚ್ಚಿಸಿದೆ. ಕೈಗೆ ಬೇಡ, ಕೂಸಿಗೆ ಎರೆಯುವ ಕೈ ಅದು, ಹಚ್ಚಿದ ಮೇಲೆ ಸೋಪಿನಿಂದ ತೊಳೆಯಿರಿ ಎಂದಾಗ ಕೂಡಲೇ ತೊಳೆದು ಬಂದರು. ಅವರ ಕೈಯ ಗೌರವ ಅವರಿಗೆ ಗೊತ್ತು.

ಬಡಗಿಯನ್ನು ಅದೇ ದಿನ ಹಿಡಿದು ತಂದೆ. ಇಳಿಹೊತ್ತಿಗೆ ಜಾಲರಿ ನಿಂತಿತು. ಮಗಳೂ ಕೂಸೂ ಪಡಸಾಲೆಯಲ್ಲಿದ್ದಾಗಲೇ, ಕಿಟಕಿ ತೆರೆದಿಟ್ಟು, ಮಶೀನು ಸ್ವಲ್ಪ ಹೊತ್ತು ಹಾಕಿ ತೆಗೆದೆ. ಬಾಟಲಿಯನ್ನು ಕೈಗೆ ಸಿಗದ ಮೇಲಿನ ಹಲಗೆಗೆ ಏರಿಸಿದೆ, ಅದು ಬಾಯಿಗೆ ಹೋದರೆ ವಿಷ. ಕೋಣೆಯ ಗಾಳಿ ತಿಳಿಯಾದ ಮೇಲೆ ಇಬ್ಬರನ್ನೂ ಪರದೆಯೊಳಗೆ ಸೇರಿಸಿದೆವು. ಹೊರಗೆ ಸೊಳ್ಳೆ ಹಾಡುತ್ತಿತ್ತು, ಒಳಗೆ ಕೂಸು ತುಟಿ ಚಪ್ಪರಿಸುತ್ತ ಮಲಗಿತ್ತು.

ಮರುದಿನ ಮಗಳ ತಲೆನೋವು ಹೋಯಿತು. ಕೂಸಿನ ಕೆಮ್ಮು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ನಾನಂತೂ ಅಂಗಡಿಗೆ ಬಂದವರಿಗೆಲ್ಲ ಕೇಳದಿದ್ದರೂ ಈ ಕತೆ ಹೇಳಿದೆ.

ಆ ವಾರ ಕಂಪ್ಲಿಯಿಂದ ಅತ್ತೆಯ ತಂಗಿ ಕೂಸನ್ನು ನೋಡಲು ಬಂದರು. ಬಂದವರೇ, ಇದೇನು ಬಾಣಂತಿ ಕೋಣೆ ಹಿಂಗೆ ಬಟಾಬಯಲು ಎನ್ನುತ್ತ ಕಿಟಕಿಗೆ ಕೈ ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆ ಕೈ ಹಿಡಿದರು.

"ಮುಚ್ಚಬ್ಯಾಡ. ಕೂಸಿಗೆ ಉಸಿರಾಡಾಕ ಬಿಟ್ಟೇವಿ."

ತಂಗಿ ಒಪ್ಪಲಿಲ್ಲ, ವಾದಕ್ಕೆ ನಿಂತರು. ಅತ್ತೆ ನನ್ನ ಕಡೆ ತಿರುಗಿ, ಒಂದು ಹಿಡಿ ಮೆಣಸಿನಕಾಯಿ ತಾ ಎಂದರು.